ಡಿಸರ್ಟೇಶನ್ ಅಕ್ನಾಲೆಜ್‌ಮೆಂಟ್ ಪುಟ: ಲ್ಯಾಬ್ ಟೆಕ್ನಿಷಿಯನ್ನರಿಗೆ, ರಕ್ತ ಕೊಟ್ಟವರಿಗೆ ಥ್ಯಾಂಕ್ಸ್ ಬರೆಯೋದು ಹೆಂಗ, ಹಂತ ಹಂತವಾಗಿ

ಬೈಂಡಿಂಗ್ ಸೀಸನ್ ಬಂತಂದ್ರ ಧಾರವಾಡದ ಹುಡುಗ್ರು ಹುಡುಗೇರು ಅಕ್ನಾಲೆಜ್‌ಮೆಂಟ್ ಪುಟ ಕಳಿಸಿ "ಒಮ್ಮೆ ನೋಡ್ರಿ" ಅಂತಾರ. ಎಲ್ಲಾದ್ರಾಗೂ ಎರಡು ತಪ್ಪು ಖಾಯಂ. ಒಂದು, ಲ್ಯಾಬಿನವರನ್ನ "ಎಲ್ಲಾ ಬೋಧಕೇತರ ಸಿಬ್ಬಂದಿಗೆ" ಅಂತ ಒಂದ ಗಂಟು ಕಟ್ಟಿ ಒಗದಿರ್ತಾರ, ಹೆಸರಿಲ್ಲ, ಏನ್ ಮಾಡಿದ್ರು ಅನ್ನೋದಿಲ್ಲ. ಎರಡನೇದು ಇದಕ್ಕಿಂತ ಡೇಂಜರ್: ಸ್ಟಡಿಯೊಳಗ ಭಾಗವಹಿಸಿದ ಹಳ್ಳಿ ಮಂದಿಯ ಊರು, ಓಣಿ, ಕೆಲಸದ ಜಾಗ, ಪರಿಚಯ ಮಾಡಿಸಿದವರ ಹೆಸರು ಎಲ್ಲಾ ಪ್ರೀತಿಯಿಂದ ಬರದು, ಒಪ್ಪಿಗೆ ಪತ್ರದಾಗ "ನಿಮ್ಮ ಗುರುತು ಗುಪ್ತ ಇಡ್ತೀವಿ" ಅಂತ ಕೊಟ್ಟ ಮಾತನ್ನ ತಾವ ಮುರದಿರ್ತಾರ.

ಅಂದ್ರ ಹೆಸರು ಹಾಕಬೇಕಾದಲ್ಲಿ ಹಾಕಿಲ್ಲ, ಹಾಕಬಾರದಲ್ಲಿ ಹಾಕಿ ಬಿಟ್ಟಾರ. ಟೆಕ್ನಿಷಿಯನ್‌ಗೆ ಹೆಸರು ಹಿಡದು, ಮಾಡಿದ ಕೆಲಸ ಹೇಳಿ ಥ್ಯಾಂಕ್ಸ್. ಪಾರ್ಟಿಸಿಪೆಂಟ್‌ಗೆ ಹೆಸರಿಲ್ಲದ, ಗುರುತು ಬಿಡದ, ಆದ್ರ ಅವರು ಏನು ಕೊಟ್ರು ಅನ್ನೋದು ಸ್ಪಷ್ಟ ಕಾಣೋ ಹಂಗ ಥ್ಯಾಂಕ್ಸ್. ಎರಡೂ ಒಂದ ಪುಟದಾಗ ಬರ್ತಾವು, ಅದಕ್ಕ ಕಲಸುಮೇಲೋಗರ ಆಗ್ತೈತಿ.

ತಿಳಿಯಾಕ ಅನುಕೂಲ ಆಗ್ಲಿ ಅಂತ ಒಂದು ಕೇಸ್ ಕಲ್ಪನಾ ಮಾಡ್ಕೊಳ್ಳೋಣ. ಧಾರವಾಡದಾಗ ಫುಡ್ ಆ್ಯಂಡ್ ನ್ಯೂಟ್ರಿಷನ್ ಎಂ.ಎಸ್ಸಿ. ಮಾಡೋ ಒಬ್ಬ ಹುಡುಗಿ, ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳ ಹಿಮೋಗ್ಲೋಬಿನ್ ನೋಡ್ಯಾಳ. 120 ಮಂದಿ ಒಪ್ಪಿಗೆ ಕೊಟ್ಟಾರ. ರಕ್ತ ಐಸ್ ಬಾಕ್ಸಿನಾಗ ಧಾರವಾಡಕ್ಕ ಬಂದೈತಿ, ಲ್ಯಾಬಿನಾಗ ಟೆಸ್ಟ್ ಆಗೈತಿ. ಕೆಳಗಿನ ಎಲ್ಲಾ ಹಂತದಾಗೂ ಇದ ಕೇಸ್ ನಡಸ್ತೀನಿ.

## ಶುರು ಮಾಡೂ ಮೊದಲ ಮುಂದ ಇಟ್ಕೋಬೇಕಾದ್ದು

ಜಾಸ್ತಿ ಏನಿಲ್ಲ. ನಿಮ್ಮ ಲ್ಯಾಬ್ ನೋಟ್‌ಬುಕ್, ಮೆಥಡ್ಸ್ ಚಾಪ್ಟರಿನ ಫೈನಲ್ ಪ್ರತಿ, ಖಾಲಿ ಒಪ್ಪಿಗೆ ಪತ್ರ ಒಂದು, ಎಥಿಕ್ಸ್ ಕಮಿಟಿಗೆ ಕೊಟ್ಟ ಪ್ರಪೋಸಲ್, ಡಿಪಾರ್ಟ್‌ಮೆಂಟಿನವರು ಕೊಟ್ಟ ಫಾರ್ಮ್ಯಾಟ್ ಹಾಳಿ. ಈ ಪುಟ ಎಷ್ಟು ಉದ್ದ ಇರಬೇಕು, ಸರ್ಟಿಫಿಕೇಟ್ ಆದಮ್ಯಾಲೆ ಬರ್ತೈತೋ ಡಿಕ್ಲರೇಶನ್ ಆದಮ್ಯಾಲೆ ಬರ್ತೈತೋ ಅನ್ನೋದು ಆ ಹಾಳಿಯೊಳಗ ಇರ್ತೈತಿ, ಗೆಳ್ಯಾರನ್ನ ಕೇಳಬ್ಯಾಡ್ರಿ, ಅದನ್ನ ನೋಡ್ರಿ.

ಮೆಥಡ್ಸ್ ಚಾಪ್ಟರ್ ಫೈನಲ್ ಆಗೂತನಕ ಈ ಪುಟ ಮುಗಿಸಬ್ಯಾಡ್ರಿ. ಯಾಕಂತ 2ನೇ ಹಂತದಾಗ ಗೊತ್ತಾಗ್ತೈತಿ.

ಇನ್ನೊಂದು. ಡಿಟಿಪಿ ಅಂಗಡಿಯವರ ಕಂಪ್ಯೂಟರಿನಾಗ ಹೋದ ವರ್ಷದವರ ಅಕ್ನಾಲೆಜ್‌ಮೆಂಟ್ ಫೈಲ್ ಇದ್ದ ಇರ್ತೈತಿ, "ಇದರಾಗ ಹೆಸರು ಬದಲ್ ಮಾಡಿ ಕೊಡ್ತೀನಿ ತಗೋರಿ" ಅಂತಾರ. ತಗೋಬ್ಯಾಡ್ರಿ. ಅಲ್ಲಿ ನಾಲ್ಕು ಹೆಸರು ಬದಲಾಗಿ ಐದನೇದು ಹಂಗ ಉಳಿತೈತಿ, ರಿಟೈರ್ ಆಗಿ ಊರು ಸೇರಿದ ಟೆಕ್ನಿಷಿಯನ್ನರಿಗೆ ನೀವು ಈ ವರ್ಷದ ಟೆಸ್ಟಿಗೆ ಥ್ಯಾಂಕ್ಸ್ ಹೇಳಿರ್ತೀರಿ.

## ಹಂತ 1: ಹೆಸರುಗಳನ್ನ ನೆನಪಿನಿಂದ ಅಲ್ಲ, ನೋಟ್‌ಬುಕ್ಕಿನಿಂದ ತಗೀರಿ

ನೆನಪು ಮೋಸ ಮಾಡ್ತೈತಿ. ಕಡೇ ತಿಂಗಳು ಜೋಡಿ ಇದ್ದವರು ನೆನಪಿರ್ತಾರ, ಮೊದಲಿನ ತಿಂಗಳು ಕಲರಿಮೀಟರ್ ಹಿಡಿಯಾಕ ಕಲಿಸಿದವರು ಮರೀತಾರ. ನೋಟ್‌ಬುಕ್ ಮೊದಲನೇ ತಾರೀಖಿನಿಂದ ತಿರುವ್ರಿ, ಪ್ರತಿ ಎಂಟ್ರಿಗೆ "ಆವತ್ತು ಯಾರು ಜೋಡಿ ಇದ್ರು, ಯಾರು ಏನು ಮಾಡಿದ್ರು" ಅಂತ ಬಾಜೂಕ ಬರೀರಿ.

ನಮ್ಮ ಕೇಸಿನಾಗ ಹಿಂಗ ಬರ್ತೈತಿ ಅಂತಿಟ್ಕೋರಿ. ಹಳ್ಳಿಯೊಳಗ ರಕ್ತ ತಗದವರು ಒಬ್ಬರು, ಅವರು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಧಾರವಾಡದ ಲ್ಯಾಬಿನಾಗ ಸ್ಟ್ಯಾಂಡರ್ಡ್ ಕರ್ವ್ ಹಾಕಿ ತೋರಿಸಿದವರು ಇನ್ನೊಬ್ಬರು, ಹೆಪ್ಪುಗಟ್ಟಿದ ಸ್ಯಾಂಪಲ್ ಗುರುತು ಹಿಡದು "ಇದು ನಡಿಯಂಗಿಲ್ಲ, ಬ್ಯಾರೆ ತಗೊಂಡು ಬಾ" ಅಂದವರೂ ಅವರ. ಮತ್ತ ದಿನಾ ಟೆಸ್ಟ್‌ಟ್ಯೂಬು ಪಿಪೆಟ್ಟು ತೊಳದು ಒಣಗಿಸಿ ಇಟ್ಟ ಅಟೆಂಡರ್ ಒಬ್ಬರು. ಈ ಮೂರನೇವರು ಬಹಳ ಪುಟದಾಗ ಇರಂಗಿಲ್ಲ. ಆದ್ರ ಈ ಟೆಸ್ಟಿನಾಗ 5 ಮಿಲಿಲೀಟರ್ ಡ್ರಾಬ್ಕಿನ್ಸ್ ದ್ರಾವಣಕ್ಕ ಬರೇ 20 ಮೈಕ್ರೋಲೀಟರ್ ರಕ್ತ ಹಾಕೋದು, ಅಷ್ಟು ಸಣ್ಣ ಅಳತಿಯೊಳಗ ಪಿಪೆಟ್ಟಿನಾಗ ಹಳೇ ರಕ್ತದ ಕಲೆ ಉಳದಿದ್ರ ರೀಡಿಂಗ್ ಕೆಡ್ತೈತಿ. ತೊಳದವರ ಕೆಲಸ ನಿಮ್ಮ ಟೇಬಲ್ಲಿನ ಅಂಕಿಯೊಳಗ ಐತಿ.

ಮಶೀನ್ ಹೊರಗಿನದು ಬಳಸಿದ್ರ, ಉದಾಹರಣೆಗೆ ಕರ್ನಾಟಕ ಯೂನಿವರ್ಸಿಟಿಯ ಉಪಕರಣ ಕೇಂದ್ರ ಯುಎಸ್ಐಸಿಗೆ ಫೀ ಕಟ್ಟಿ ಸ್ಯಾಂಪಲ್ ಕೊಟ್ಟಿದ್ರ, ಸೆಂಟರಿನ ಪೂರಾ ಹೆಸರು ರಸೀದಿ ಮ್ಯಾಲೆ ಇದ್ದ ಹಂಗ ಬರಕೋರಿ. ಇಂಥ ಸೆಂಟರುಗಳು ಎಷ್ಟೋ ಸಲ ಫಾರ್ಮಿನಾಗ "ಹಿಂಗ ಅಕ್ನಾಲೆಜ್ ಮಾಡಬೇಕು" ಅಂತ ವಾಕ್ಯನ ಕೊಟ್ಟಿರ್ತಾವು, ಇದ್ರ ಅದನ್ನ ಬದಲಿ ಮಾಡದ ಹಾಕ್ರಿ. ರೊಕ್ಕ ಕೊಟ್ಟೀವಿ, ಥ್ಯಾಂಕ್ಸ್ ಯಾಕ ಅಂತ ಕೆಲವರು ಕೇಳ್ತಾರ. ಫೀ ಮಶೀನಿಂದು, ನಿಮ್ಮ ಸ್ಯಾಂಪಲ್ ಎರಡನೇ ಸಲ ಹಾಕಿ ನೋಡಿದ ಆಪರೇಟರಿಂದಲ್ಲ.

## ಹಂತ 2: ಯಾರು ಏನು ಮಾಡಿದ್ರು ಅನ್ನೋದನ್ನ ಮೆಥಡ್ಸ್ ಚಾಪ್ಟರ್ ಜೋಡಿ ಕೂಡಿಸಿ ನೋಡ್ರಿ

ಇಲ್ಲೆ ಬಹಳ ಮಂದಿ ವೈವಾದಾಗ ಸಿಗಬೀಳ್ತಾರ. ಮೆಥಡ್ಸ್ ಚಾಪ್ಟರಿನಾಗ "ಸಂಶೋಧಕಿ ಸೈನ್‌ಮೆಥಿಮೋಗ್ಲೋಬಿನ್ ವಿಧಾನದಿಂದ ಹಿಮೋಗ್ಲೋಬಿನ್ ಅಳೆದಳು" ಅಂತ ಇರ್ತೈತಿ. ಅಕ್ನಾಲೆಜ್‌ಮೆಂಟಿನಾಗ ಧಾರಾಳ ಮನಸ್ಸಿನಿಂದ "ಹಿಮೋಗ್ಲೋಬಿನ್ ಪರೀಕ್ಷೆಗಳನ್ನೆಲ್ಲ ಮಾಡಿಕೊಟ್ಟ ಶ್ರೀ ಇಂಥವರಿಗೆ ಋಣಿ" ಅಂತ ಇರ್ತೈತಿ. ಹೊರಗಿನ ಎಕ್ಸಾಮಿನರ್ ಪುಸ್ತಕ ತಗದ ಕೂಡ್ಲೆ ಮೊದಲ ಓದೋದು ಈ ಪುಟನ, ಆಮ್ಯಾಲೆ ಕೇಳ್ತಾರ: "ಮತ್ತ ಟೆಸ್ಟ್ ಯಾರು ಮಾಡಿದ್ರು ತಂಗಿ? ಸ್ಟ್ಯಾಂಡರ್ಡ್ ಕರ್ವ್ ಯಾರು ಹಾಕಿದ್ರು?" ಡಿಕ್ಲರೇಶನ್ ಪುಟದಾಗ "ಇದು ನನ್ನ ಸ್ವಂತ ಕೆಲಸ" ಅಂತ ಸಹಿ ಬ್ಯಾರೆ ಮಾಡಿರ್ತೀರಿ.

ನೀವು ಸುಳ್ಳು ಹೇಳಿರಂಗಿಲ್ಲ. ಥ್ಯಾಂಕ್ಸ್ ಹೇಳೋ ಹುರುಪಿನಾಗ ದೊಡ್ಡದು ಮಾಡಿ ಬರದಿರ್ತೀರಿ, ಅಷ್ಟ. ಆದ್ರ ಪುಟದ ಮ್ಯಾಲೆ ಎರಡೂ ಒಂದಕ್ಕೊಂದು ಹೊಂದಂಗಿಲ್ಲ.

ಹಿಂಗ ಮಾಡ್ರಿ. ಮೆಥಡ್ಸ್ ಚಾಪ್ಟರಿನ ಒಂದೊಂದು ಕೆಲಸ ತಗೊಂಡು ಅದರ ಮುಂದ ಮೂರರಾಗ ಒಂದು ಬರೀರಿ: ನಾನ ಮಾಡಿದ್ದು, ಅವರು ಕಲಿಸಿ ನಾನು ಮಾಡಿದ್ದು, ಅವರ ಮಾಡಿದ್ದು. ನಮ್ಮ ಕೇಸಿನಾಗ ರಕ್ತ ತಗದದ್ದು ಪೂರಾ ಟೆಕ್ನಿಷಿಯನ್ನರ ಕೆಲಸ. ಸ್ಟ್ಯಾಂಡರ್ಡ್ ಕರ್ವ್ ಮೊದಲ ಸಲ ಅವರು ಹಾಕಿ ತೋರಿಸಿದ್ರು, ಆಮ್ಯಾಲೆ ಇವಳ ಹಾಕಿದಳು. ಡ್ರಾಬ್ಕಿನ್ಸ್ ದ್ರಾವಣದಾಗ ಸೈನೈಡ್ ಇರ್ತೈತಿ, ಅದನ್ನ ತಯಾರಿಸಿದ್ದೂ, ಟೆಸ್ಟ್ ಆದಮ್ಯಾಲೆ ಆ್ಯಸಿಡ್ ಜೋಡಿ ಕೂಡದಂಗ ಬ್ಯಾರೆ ತಗದು ವಿಲೇವಾರಿ ಮಾಡಿದ್ದೂ ಟೆಕ್ನಿಷಿಯನ್. ರಕ್ತ ಪಿಪೆಟ್ ಮಾಡಿದ್ದು, 540 ನ್ಯಾನೋಮೀಟರಿಗೆ ಇಟ್ಟು ರೀಡಿಂಗ್ ತಗೊಂಡದ್ದು ಇವಳು.

ಇಷ್ಟು ಬರಕೊಂಡ್ರ ಎರಡು ಕೆಲಸ ಒಮ್ಮೆಲೆ ಆಗ್ತಾವು. ಅಕ್ನಾಲೆಜ್‌ಮೆಂಟಿಗೆ ಸರಿಯಾದ ಕ್ರಿಯಾಪದ ಸಿಗ್ತೈತಿ, "ಮಾಡಿಕೊಟ್ಟ" ಬದಲಿ "ಕಲಿಸಿದ", "ತಯಾರಿಸಿದ", "ಸಂಗ್ರಹಿಸಿದ". ಮತ್ತ ಮೆಥಡ್ಸ್ ಚಾಪ್ಟರಿನಾಗ ತಪ್ಪಿದ್ದೂ ಕಾಣ್ತೈತಿ. ರಕ್ತ ತಗದವರು ತರಬೇತಿ ಆದ ಟೆಕ್ನಿಷಿಯನ್ ಅಂತ ಆ ಚಾಪ್ಟರಿನಾಗ ಬರದಿಲ್ಲಂದ್ರ ಬರೀರಿ, ಅದು ಥ್ಯಾಂಕ್ಸಿನ ಮಾತಲ್ಲ, ಅದು ಮೆಥಡ್.

ಒಂದು ಎಚ್ಚರಿಕೆ. "ಅವರ ಮಾಡಿದ್ದು" ಅನ್ನೋದ ಬಹಳ ಆತು, ಟೆಸ್ಟೂ ಅವರು, ಲೆಕ್ಕಾನೂ ಅವರು, ರಿಸಲ್ಟಿನ ಅರ್ಥ ಹೇಳಿದವರೂ ಅವರು ಅಂತಾದ್ರ ಅದು ಥ್ಯಾಂಕ್ಸಿನಿಂದ ಮುಗಿಯೋ ಮಾತಲ್ಲ, ಗೈಡ್ ಹತ್ರ ಹೋಗ್ರಿ. ಮುಂದ ಇದರಿಂದ ಪೇಪರ್ ಮಾಡೋವಾಗ ಅವರ ಹೆಸರು ಲೇಖಕರ ಪಟ್ಟಿಗೆ ಬರಬೇಕೇನು ಅನ್ನೋದು ಅವಾಗ ಬರ್ತೈತಿ. ಮೆಡಿಕಲ್ ಜರ್ನಲ್‌ಗಳು ಪಾಲಿಸೋ ಐಸಿಎಂಜೆಇ ನಿಯಮದ ಪ್ರಕಾರ ರೂಟೀನ್ ಟೆಸ್ಟ್ ಮಾಡಿಕೊಟ್ರ ಅಕ್ನಾಲೆಜ್‌ಮೆಂಟ್, ಆದ್ರ ಸ್ಟಡಿ ರೂಪಿಸೋದ್ರಾಗ ಅಥವಾ ಡೇಟಾ ಅರ್ಥೈಸೋದ್ರಾಗ ದೊಡ್ಡ ಪಾಲಿದ್ದು, ಬರಹದಾಗ, ಕಡೇ ಒಪ್ಪಿಗಿಯೊಳಗ, ಹೊಣೆಗಾರಿಕಿಯೊಳಗೂ ಇದ್ರ ಲೇಖಕರು.

## ಹಂತ 3: ಹೆಸರು ಹಾಕೋಕಿಂತ ಮೊದಲ ಕೇಳ್ರಿ

ಥ್ಯಾಂಕ್ಸ್ ಹೇಳಾಕ ಪರ್ಮಿಶನ್ ಏನು ಅಂತ ನಗಬ್ಯಾಡ್ರಿ. ಅದ ಐಸಿಎಂಜೆಇ, ಹೆಸರು ಹಾಕೋರಿಂದ ಲಿಖಿತ ಒಪ್ಪಿಗೆ ತಗೋರಿ ಅಂತೈತಿ, ಯಾಕಂದ್ರ ಹೆಸರು ಕಂಡ್ರ ಓದುಗರು "ಈ ರಿಸಲ್ಟಿಗೆ ಇವರೂ ಒಪ್ಪ್ಯಾರ" ಅಂತ ತಿಳ್ಕೋತಾರ. ಡಿಸರ್ಟೇಶನ್‌ಗೆ ಅಷ್ಟು ಕಟ್ಟುನಿಟ್ಟು ಯಾರೂ ಮಾಡಂಗಿಲ್ಲ, ಒಂದು ವಾಟ್ಸ್ಆ್ಯಪ್ ಸಾಕು.

ನಮ್ಮ ಕಡೆ ಇನ್ನೊಂದು ಕಾರಣ ಐತಿ. ಸರ್ಕಾರಿ ಆಸ್ಪತ್ರೆ ಟೆಕ್ನಿಷಿಯನ್ ಎಷ್ಟೋ ಸಲ ಡ್ಯೂಟಿ ಮುಗದಮ್ಯಾಲೆ, ಇಲ್ಲಾ ರವಿವಾರ, ಪರಿಚಯದ ಮ್ಯಾಲೆ ಬಂದು ಸಹಾಯ ಮಾಡಿರ್ತಾರ, ಮ್ಯಾಲಿನವರ ಪತ್ರ ಇರಂಗಿಲ್ಲ. ನೀವು ಹುದ್ದೆ, ಆಸ್ಪತ್ರೆ ಹೆಸರು ಸಹಿತ "ಕರ್ತವ್ಯದ ವೇಳೆಯನ್ನೂ ಲೆಕ್ಕಿಸದೆ" ಅಂತ ಬರದ್ರಿ ಅಂದ್ರ ಅವರಿಗೆ ಮೆಮೋ ಬರೋ ಹಂಗ ಆಗ್ತೈತಿ. ಹೊಗಳಿಕಿ ಹೋಗಿ ದೂರು ಆಗಿರ್ತೈತಿ. ಅಂಥವರು "ಹೆಸರು ಬ್ಯಾಡವ್ವಾ" ಅಂದ್ರ ಒತ್ತಾಯ ಮಾಡಬ್ಯಾಡ್ರಿ, "ರಕ್ತ ಸಂಗ್ರಹಿಸಿದ ಅನುಭವಿ ಟೆಕ್ನಿಷಿಯನ್ ಒಬ್ಬರಿಗೆ" ಅಂತ ಬರದ್ರ ಆತು.

ಮೆಸೇಜ್ ಹಿಂಗ ಹಾಕಬಹುದು:

"ನಮಸ್ಕಾರ್ರಿ ಸರ್. ನನ್ನ ಡಿಸರ್ಟೇಶನ್ನಿನ ಅಕ್ನಾಲೆಜ್‌ಮೆಂಟಿನಾಗ ನಿಮ್ಮ ಹೆಸರು ಹಾಕಬೇಕಂತ ಮಾಡೀನಿ. ಬರೆಯೋ ವಾಕ್ಯ ಕೆಳಗ ಐತ್ರಿ, ನೀವು ಮಾಡಿದ್ದು ಸರಿಯಾಗಿ ಬಂದೈತೇನು ನೋಡ್ರಿ. ಹೆಸರು, ಇನಿಷಿಯಲ್, ಹುದ್ದೆ ಐಡಿ ಕಾರ್ಡಿನಾಗ ಹೆಂಗೈತಿ ಹಂಗ ಕಳಿಸ್ರಿ. ಹೆಸರು ಬ್ಯಾಡಂದ್ರೂ ಅಡ್ಡಿ ಇಲ್ರಿ, ಹೇಳ್ರಿ."

ಬರೇ "ಹಾಕಲೇನ್ರಿ" ಅಂತ ಕೇಳಬ್ಯಾಡ್ರಿ, ವಾಕ್ಯನ ಕಳಿಸ್ರಿ. ವಾಕ್ಯ ನೋಡಿದಾಗಷ್ಟ ಅವರು "ದ್ರಾವಣ ನಾನು ಮಾಡಿಲ್ಲವಾ, ಮತ್ತೊಬ್ಬರು ಮಾಡಿದ್ರು" ಅಂತ ತಿದ್ದೋದು. ಐಡಿ ಕಾರ್ಡಿನ ಸ್ಪೆಲಿಂಗ್ ಯಾಕಂದ್ರ ಲ್ಯಾಬಿನಾಗ ಎಲ್ಲಾರೂ ಅಣ್ಣಾ, ಅಕ್ಕಾ, ಕಾಕಾ ಅಂತ ಕರೀತಿರ್ತೀವಿ, ಎರಡು ವರ್ಷ ಕಳದ್ರೂ ಅಡ್ಡಹೆಸರು ಗೊತ್ತಿರಂಗಿಲ್ಲ, ಗೊತ್ತಿದ್ರೂ ಇಂಗ್ಲಿಷಿನಾಗ ಅವರು ಹೆಂಗ ಬರೀತಾರ ಅನ್ನೋದು ಗೊತ್ತಿರಂಗಿಲ್ಲ.

## ಹಂತ 4: ಟೆಕ್ನಿಷಿಯನ್ ಪ್ಯಾರಾ

ಒಬ್ಬೊಬ್ಬರಿಗೆ ಒಂದೊಂದು ವಾಕ್ಯ ಸಾಕು. ಹೆಸರು, ಹುದ್ದೆ, ಲ್ಯಾಬು, ಮಾಡಿದ ಒಂದು ನಿರ್ದಿಷ್ಟ ಕೆಲಸ. ವಿಶೇಷಣ ಬ್ಯಾಡ. "ಸಕಾಲಿಕ ನೆರವು", "ನಿಸ್ವಾರ್ಥ ಸಹಕಾರ" ಇವೆಲ್ಲ ಯಾರ ಹೆಸರಿನ ಮುಂದ ಹಾಕಿದ್ರೂ ನಡೀತಾವು.

ಸಾಮಾನ್ಯ ಬರೋದು ಹಿಂಗ:

"ನಮ್ಮ ವಿಭಾಗದ ಎಲ್ಲಾ ಬೋಧಕೇತರ ಸಿಬ್ಬಂದಿಯ ಅಮೂಲ್ಯ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು."

ತಿದ್ದಿದ್ದು (ಚುಕ್ಕಿ ಇದ್ದಲ್ಲಿ ಪೂರಾ ಹೆಸರು):

"ಕ್ಷೇತ್ರದಲ್ಲಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದ ಪ್ರಯೋಗಾಲಯ ತಂತ್ರಜ್ಞೆ ಶ್ರೀಮತಿ … ಅವರಿಗೆ, ಡ್ರಾಬ್ಕಿನ್ಸ್ ದ್ರಾವಣವನ್ನು ತಯಾರಿಸಿ, ಸ್ಟ್ಯಾಂಡರ್ಡ್ ಕರ್ವ್ ಹಾಕುವುದನ್ನು ಕಲಿಸಿ, ಹೆಪ್ಪುಗಟ್ಟಿದ ಮಾದರಿಗಳನ್ನು ಗುರುತಿಸಿ ಮರುಸಂಗ್ರಹಕ್ಕೆ ಸೂಚಿಸಿದ ವಿಭಾಗದ ತಂತ್ರಜ್ಞ ಶ್ರೀ … ಅವರಿಗೆ, ಪ್ರಯೋಗದುದ್ದಕ್ಕೂ ಗಾಜಿನ ಸಾಮಗ್ರಿಯನ್ನು ಸ್ವಚ್ಛವಾಗಿ ಒದಗಿಸಿದ ಶ್ರೀ … ಅವರಿಗೆ ಕೃತಜ್ಞಳಾಗಿದ್ದೇನೆ."

ಪ್ರಬಂಧ ಇಂಗ್ಲಿಷಿನಾಗಿದ್ರೂ ಮೊದಲ ಹಿಂಗ ಕನ್ನಡದಾಗ ಬರಕೊಂಡು ಆಮ್ಯಾಲೆ ಇಂಗ್ಲಿಷ್ ಮಾಡ್ರಿ. ಸೀದಾ ಇಂಗ್ಲಿಷಿನಾಗ ಕುಂತ್ರ ಕೈ ತಾನ ಹಳೇ ಪುಸ್ತಕದ ಸಾಲು ಬರೀತೈತಿ.

ಗೌರವ ಸಮ ಇರಬೇಕು. ಗೈಡಿಗೆ ಡಾಕ್ಟರ್, ಪ್ರೊಫೆಸರ್, ಪೂರಾ ಹೆಸರು ಹಾಕಿ, ಅಟೆಂಡರಿಗೆ ಬರೇ ಕರೆಯೋ ಹೆಸರು ಹಾಕಿದ್ದು ನೋಡೀನಿ. ಓದಿದವರಿಗೆ ಅದು ಪ್ರೀತಿ ಅಂತ ಕಾಣಂಗಿಲ್ಲ. ಶ್ರೀ, ಶ್ರೀಮತಿ, ಇನಿಷಿಯಲ್, ಅಡ್ಡಹೆಸರು ಎಲ್ಲಾರಿಗೂ ಬರಲಿ. ಕಾಂಟ್ರ್ಯಾಕ್ಟ್ ಮ್ಯಾಲೆ ಇದ್ದವರನ್ನ "ಹೊರಗುತ್ತಿಗೆ ಸಿಬ್ಬಂದಿ" ಅಂತ ಬರಿಯೋ ಅಗತ್ಯ ಇಲ್ಲ, ಅವರ ನೇಮಕಾತಿ ಹೆಂಗಾತು ಅನ್ನೋದು ನಿಮ್ಮ ಪುಟಕ್ಕ ಸಂಬಂಧ ಇಲ್ಲ.

## ಹಂತ 5: ಪಾರ್ಟಿಸಿಪೆಂಟ್ ಕಡೆ ತಿರುಗೋ ಮೊದಲ ಒಪ್ಪಿಗೆ ಪತ್ರ ಮತ್ತೊಮ್ಮೆ ಓದ್ರಿ

ಖಾಲಿ ಒಪ್ಪಿಗೆ ಪತ್ರ ತಗೀರಿ. ಗೋಪ್ಯತೆ ಬಗ್ಗೆ ನೀವ ಬರದ ಸಾಲು ಇರ್ತೈತಿ, "ನಿಮ್ಮ ಹೆಸರು ಮತ್ತು ಗುರುತು ಎಲ್ಲಿಯೂ ಪ್ರಕಟವಾಗುವುದಿಲ್ಲ" ಅಂತೇನೋ. ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ಮನುಷ್ಯರ ಮ್ಯಾಲಿನ ಆರೋಗ್ಯ ಸಂಶೋಧನಾದಾಗ ಭಾಗವಹಿಸಿದವರ ಗೋಪ್ಯತೆ ಕಾಯೋದು ಸಂಶೋಧಕರ ಹೊಣೆ. ಆ ಸಾಲಿನಾಗ "ಎಲ್ಲಿಯೂ" ಅಂದ್ರ ಅಕ್ನಾಲೆಜ್‌ಮೆಂಟ್ ಪುಟಾನೂ ಬಂತು. ಎಥಿಕ್ಸ್ ಕಮಿಟಿ ನಿಮ್ಮ ಪ್ರಪೋಸಲ್ ನೋಡಿರ್ತೈತಿ, ಈ ಪುಟ ನೋಡಿರಂಗಿಲ್ಲ, ಅದಕ್ಕ ಇಲ್ಲಿ ಸೋರಿಕೆ ಆದ್ರ ಹಿಡಿಯೋರು ಯಾರೂ ಇಲ್ಲ.

ಹೆಣ್ಮಕ್ಕಳ ಹೆಸರು ಯಾರೂ ಹಾಕಂಗಿಲ್ಲ, ಅಷ್ಟು ಎಲ್ಲಾರಿಗೂ ಗೊತ್ತು. ಸೋರೋದು ಸುತ್ತಮುತ್ತಲಿನ ಹೆಸರುಗಳಿಂದ. ನಮ್ಮ ಕೇಸನ್ನ ಇಲ್ಲೆ ಪೂರಾ ಬಿಚ್ಚಿ ನೋಡೂಣು.

ಮೆಥಡ್ಸ್ ಚಾಪ್ಟರಿನಾಗ ಆ ಹುಡುಗಿ ಶಾಣ್ಯಾಕಿ, ಊರಿನ ಹೆಸರು ಹಾಕಿಲ್ಲ, "ಬ್ಯಾಡಗಿ ತಾಲ್ಲೂಕಿನ ಗ್ರಾಮ ಎ" ಅಂತ ಬರದಾಳ. ರಿಸಲ್ಟಿನಾಗ ಒಂದು ಸಣ್ಣ ಕೇಸ್ ವಿವರಣೆ ಕೊಟ್ಟಾಳ: ಗ್ರಾಮ ಎ, 34 ವರ್ಷ, ಗಂಡನಿಂದ ದೂರ ಇರೋ ಮಹಿಳೆ, ಹಿಮೋಗ್ಲೋಬಿನ್ 6.4 ಗ್ರಾಂ. ಗರ್ಭಿಣಿ ಅಲ್ಲದ ಹೆಣ್ಮಕ್ಕಳಿಗೆ ಡಬ್ಲ್ಯುಎಚ್ಒ ಪ್ರಕಾರ 12ಕ್ಕಿಂತ ಕಡಿಮಿ ಇದ್ರ ರಕ್ತಹೀನತೆ, 8ಕ್ಕಿಂತ ಕಡಿಮಿ ಇದ್ರ ತೀವ್ರ. ಅಂದ್ರ ಇದು ಗಂಭೀರ ಕೇಸು, ಬರದದ್ದು ತಪ್ಪಲ್ಲ.

ಆಮ್ಯಾಲೆ ಅಕ್ನಾಲೆಜ್‌ಮೆಂಟ್: "ಮಹಿಳೆಯರನ್ನು ಪರಿಚಯಿಸಿದ ಆಶಾ ಕಾರ್ಯಕರ್ತೆ ಶ್ರೀಮತಿ … ಅವರಿಗೂ, ತಮ್ಮ ಗೋದಾಮಿನಲ್ಲಿ ಅವಕಾಶ ನೀಡಿದ … ಟ್ರೇಡರ್ಸ್‌ನ ಮಾಲೀಕರಿಗೂ ಧನ್ಯವಾದಗಳು."

ಈಗ ಆ ಭಾಗದವರು ಯಾರರೆ ಈ ಪುಸ್ತಕ ತಗದ್ರ ಏನಾಗ್ತೈತಿ ನೋಡ್ರಿ. ಆಶಾ ಕಾರ್ಯಕರ್ತೆ ಹೆಸರು ಸಿಕ್ಕ ಕೂಡ್ಲೆ ಗ್ರಾಮ ಎ ಯಾವುದಂತ ಗೊತ್ತಾತು. ಸುಮಾರು 1000 ಜನಸಂಖ್ಯೆಗೆ ಒಬ್ಬ ಆಶಾ ಅನ್ನೋದು ಯೋಜನೆಯ ಲೆಕ್ಕ, ಅಂದ್ರ ಊರಷ್ಟ ಅಲ್ಲ, ಊರಿನ ಯಾವ ಭಾಗ ಅನ್ನೋದೂ ಸಿಕ್ತು. ಆ ಸಾವಿರದಾಗ ಅರ್ಧ ಗಂಡಸರು. ಉಳದ ಹೆಣ್ಮಕ್ಕಳಾಗ ಆ ಗೋದಾಮಿಗೆ ಕೆಲಸಕ್ಕ ಹೋಗೋರು ಬೆರಳೆಣಿಕಿ. ಅದರಾಗ ಮೂವತ್ತರ ಮ್ಯಾಲಿನವರು, ಗಂಡನ ಬಿಟ್ಟು ತವರಿನಾಗ ಇರೋರು? ಒಬ್ಬಾಕಿ. ಎಲ್ಲಾರಿಗೂ ಗೊತ್ತು ಆಕಿ ಯಾರಂತ.

ಇದರಿಂದ ಏನು ಹಾನಿ ಅಂತೀರಿ? ತೊಟ್ಟು ಬಿಡಿಸೋ ಕೂಲಿ ಬಿಡಿಸಿದಷ್ಟಕ್ಕ. ಮಾಲಕರಿಗೆ "ಈಕಿಗೆ ರಕ್ತ ಇಲ್ಲ, ಸುಸ್ತಾಗ್ತಾಳ" ಅಂತ ಗೊತ್ತಾದ್ರ ಸೀಸನ್ನಿನಾಗ ಕರೆಯೋ ಪಟ್ಟಿಯಿಂದ ಹೆಸರು ಹಾರಬಹುದು. ಅಥವಾ ಮನ್ಯಾಗ ಮಾತು ಹುಟ್ಟಬಹುದು. ಆಕಿ ನಿಮಗ ರಕ್ತ ಕೊಟ್ಟದ್ದು ಗುಪ್ತ ಇರ್ತೈತಿ ಅಂತ ನಂಬಿ.

ತಿಳ್ಕೊಂಡ್ರಲ್ಲ, ಎರಡೂ ಸಾಲು ಬ್ಯಾರೆ ಬ್ಯಾರೆ ನೋಡಿದ್ರ ನಿರುಪದ್ರವಿ. ಕೂಡಿದಾಗ ಗುರುತು ಬಯಲು. ಅದಕ್ಕ ಈ ಪುಟ ಒಂದ ಓದಿ "ಏನೂ ತಪ್ಪಿಲ್ಲ" ಅಂತ ಅನ್ನಾಕ ಬರಂಗಿಲ್ಲ, ಪೂರಾ ಪುಸ್ತಕದ ಜೋಡಿ ಇಟ್ಟು ಓದಬೇಕು.

ಕೆಳಗಿನವು ಕಂಡ್ರ ನಿಲ್ರಿ: ಆಶಾ, ಅಂಗನವಾಡಿ ಕಾರ್ಯಕರ್ತೆ, ಪಿಡಿಒ, ಶಾಲಾ ಹೆಡ್‌ಮಾಸ್ತರು, ಗೋದಾಮು ಮಾಲಕರ ಹೆಸರು, ಸ್ವಸಹಾಯ ಸಂಘದ ಹೆಸರು, ಊಟ ಹಾಕಿದ ಮನೆತನದ ಹೆಸರು, ಗುಡಿ, ಓಣಿ, ಕ್ಯಾಂಪಿನ ತಾರೀಖು. ಟಿಬಿ, ಎಚ್ಐವಿ, ಮಾನಸಿಕ ಆರೋಗ್ಯದಂಥ ಸ್ಟಡಿಯಾದ್ರ ತಾಲ್ಲೂಕಿನ ಹೆಸರೂ ವಿಚಾರ ಮಾಡಿ ಹಾಕ್ರಿ.

ಹಂಗಾದ್ರ ಆಶಾ ಅಕ್ಕಾರಿಗೆ ಥ್ಯಾಂಕ್ಸ್ ಹೇಳೋದ ಬ್ಯಾಡೇನು? ಹೇಳ್ರಿ, ಹುದ್ದೆಯಿಂದ ಹೇಳ್ರಿ, ಬಹುವಚನದಾಗ ಹೇಳ್ರಿ: "ಅಧ್ಯಯನ ಪ್ರದೇಶದ ಆಶಾ ಕಾರ್ಯಕರ್ತೆಯರಿಗೆ". ಹೆಸರು ಹಿಡದು ಹೇಳಬೇಕಂತ ಮನಸಿದ್ರ ಕೈಯಿಂದ ಒಂದು ಪತ್ರ ಬರದು ಕೊಡ್ರಿ, ಗೈಡಿನ ಸಹಿ ಹಾಕಿಸಿ. ಲೈಬ್ರರಿ ಕಪಾಟಿನಾಗಿನ ಪುಟಕ್ಕಿಂತ ಅದು ಅವರಿಗೆ ಉಪಯೋಗಕ್ಕ ಬರ್ತೈತಿ.

ಇನ್ನ ರಕ್ತ ತಗದ ಟೆಕ್ನಿಷಿಯನ್. ಅವರು ಅದ ಹಳ್ಳಿಯ ಆರೋಗ್ಯ ಕೇಂದ್ರದವರಾಗಿದ್ರ ಅವರ ಹೆಸರೂ ಊರು ತೋರಿಸ್ತೈತಿ. ಆವಾಗ ಹೆಸರು ಇಟ್ಟು ಆಸ್ಪತ್ರೆ ಹೆಸರು ಬಿಡ್ರಿ, ಅದೂ ಸಾಲಂಗಿಲ್ಲ ಅನಿಸಿದ್ರ ಹೆಸರೂ ಬಿಡ್ರಿ. ಟೆಕ್ನಿಷಿಯನ್‌ಗೆ ಸಿಗಬೇಕಾದ ಹೆಸರು, ಪಾರ್ಟಿಸಿಪೆಂಟ್‌ಗೆ ಕೊಟ್ಟ ಮಾತು, ಎರಡರಾಗ ಜಗಳ ಬಂದ್ರ ಮಾತು ಗೆಲ್ಲಬೇಕು. ಟೆಕ್ನಿಷಿಯನ್‌ಗೆ ಕಾರಣ ಹೇಳ್ರಿ, ಆಸ್ಪತ್ರೆ ಕೆಲಸ ಮಾಡೋರಿಗೆ ಇದು ಕೂಡ್ಲೆ ತಿಳೀತೈತಿ.

## ಹಂತ 6: ಪಾರ್ಟಿಸಿಪೆಂಟ್ ಪ್ಯಾರಾ

ಹೆಸರಿಲ್ಲ, ಊರಿಲ್ಲ, ಮತ್ತೇನು ಬರೆಯೋದು? ಅವರು ಏನು ಕೊಟ್ಟರು ಅನ್ನೋದನ್ನ ಬರೀರಿ. ಇಲ್ಲಿ ಬಹಳ ಮಂದಿ "ಭಾಗವಹಿಸಿದ ಎಲ್ಲರಿಗೂ ವಂದನೆಗಳು" ಅಂತ ಅರ್ಧ ಸಾಲಿಗೆ ಮುಗಿಸಿ, ಡಿಟಿಪಿ ಮಾಡಿದವರಿಗೆ ಎರಡು ಸಾಲು ಬರೀತಾರ.

ನಮ್ಮ ಕೇಸಿನಾಗ ಅವರು ಕೊಟ್ಟದ್ದು ರಕ್ತ, ಸೂಜಿ ಚುಚ್ಚಿಸ್ಕೊಂಡ ನೋವು, ಮತ್ತ ಸಮಯ. ಬಿಡಿಸಿದಷ್ಟಕ್ಕ ಕೂಲಿ ಇರೋ ಕೆಲಸದಾಗ ಸಮಯ ಅಂದ್ರ ರೊಕ್ಕ, ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡ್ತಾ ಕುಂತಷ್ಟು ಹೊತ್ತು ಅವರ ಬುಟ್ಟಿ ತುಂಬಿಲ್ಲ. ತಾವು ಏನು ಉಣ್ತೀವಿ, ಎಷ್ಟು ಉಣ್ತೀವಿ ಅಂತ ಹೊರಗಿನವರಿಗೆ ಹೇಳೋದೂ ಸಣ್ಣ ಮಾತಲ್ಲ. ಇದನ್ನ ಬರೀರಿ:

"ಕೂಲಿಯ ಸಮಯವನ್ನು ಬಿಟ್ಟುಕೊಟ್ಟು, ರಕ್ತದ ಮಾದರಿ ನೀಡಿ, ತಮ್ಮ ಊಟ, ದುಡಿಮೆ ಮತ್ತು ಆರೋಗ್ಯದ ಬಗ್ಗೆ ನನ್ನ ಪ್ರಶ್ನೆಗಳಿಗೆ ಉತ್ತರಿಸಿದ ಮಹಿಳೆಯರಿಗೆ ನಾನು ಮೊದಲು ಕೃತಜ್ಞಳು. ಗೋಪ್ಯತೆಯ ಕಾರಣ ಅವರ ಹೆಸರು, ಊರುಗಳನ್ನು ಇಲ್ಲಿ ಬರೆದಿಲ್ಲ. ಅಧ್ಯಯನ ಪ್ರದೇಶದ ಆಶಾ ಕಾರ್ಯಕರ್ತೆಯರಿಗೂ ಧನ್ಯವಾದಗಳು."

ಎರಡನೇ ವಾಕ್ಯ ಬಿಡಬ್ಯಾಡ್ರಿ. ಹೆಸರು ಮರತದ್ದಲ್ಲ, ಬೇಕಂತ ಬಿಟ್ಟದ್ದು ಅಂತ ಓದೋರಿಗೆ ತಿಳೀಬೇಕು.

ತಪ್ಪೋದು ಮೂರು ಕಡೆ. ಒಂದು, ಕರುಣೆ. "ಬಡ, ಅನಕ್ಷರಸ್ಥ, ಮುಗ್ಧ ಹಳ್ಳಿ ಹೆಣ್ಣುಮಕ್ಕಳು" ಅಂತ ಬರದ್ರ ಅದು ಥ್ಯಾಂಕ್ಸ್ ಅಲ್ಲ, ಅವಮಾನ. ನಾಳೆ ಅವರ ಮಗಳು ಅದ ಡಿಪಾರ್ಟ್‌ಮೆಂಟಿಗೆ ಸೇರಿ ಅದ ಪುಸ್ತಕ ಓದಿದ್ರ ಹೆಂಗನಿಸ್ತೈತಿ ಅಂತ ವಿಚಾರ ಮಾಡ್ರಿ, ಬ್ಯಾಡಗಿ ಏನು ಧಾರವಾಡದಿಂದ ಭಾಳ ದೂರಿಲ್ಲ. ಎರಡು, ಸಂಖ್ಯೆ. ಇಲ್ಲಿ "150 ಮಹಿಳೆಯರಿಗೆ" ಅಂತ ಬರದು ಮೆಥಡ್ಸಿನಾಗ 120 ಅಂತಿದ್ರ ಎಕ್ಸಾಮಿನರ್ ಉಳದ 30 ಮಂದಿ ಎಲ್ಲಿ ಹೋದ್ರು ಅಂತ ಕೇಳ್ತಾರ. ಸಂಖ್ಯೆ ಹಾಕದಿದ್ರೂ ನಡೀತೈತಿ. ಮೂರು, ಕೊಟ್ಟದ್ದರ ಲೆಕ್ಕ. ಕಬ್ಬಿಣದ ಗುಳಿಗಿಗೆ ಆಸ್ಪತ್ರೆಗೆ ಕಳಿಸಿದ್ದು, ಬಸ್ ಚಾರ್ಜ್ ಕೊಟ್ಟದ್ದು ಮೆಥಡ್ಸಿನಾಗ ಇರಲಿ, ಥ್ಯಾಂಕ್ಸ್ ಪುಟದಾಗ ನಿಮ್ಮ ಉಪಕಾರ ಬರಬಾರದು.

ಜಾಗ ಎಲ್ಲಿ? ಡಿಪಾರ್ಟ್‌ಮೆಂಟ್ ಕ್ರಮ ಕಡ್ಡಾಯ ಮಾಡಿದ್ರ ಅದನ್ನ ಪಾಲಿಸ್ರಿ. ಇಲ್ಲಂದ್ರ ನನ್ನ ಅಭಿಪ್ರಾಯದಾಗ ಗೈಡ್ ಆದ ಕೂಡ್ಲೆ ಪಾರ್ಟಿಸಿಪೆಂಟ್, ಆಮ್ಯಾಲೆ ಟೆಕ್ನಿಷಿಯನ್, ಆಮ್ಯಾಲೆ ಉಳದವರು. ಮ್ಯಾಲಿನ ಮಾದರಿಯೊಳಗಿನ "ಮೊದಲು" ಅನ್ನೋದು ಹಂಗ ಇಟ್ರಷ್ಟ ಹೊಂದ್ತೈತಿ, ರೂಮ್‌ಮೇಟ್ ಆದಮ್ಯಾಲೆ ಬಂದ್ರ ಅದನ್ನ ತಗೀರಿ.

## ಹಂತ 7: ಹೆಸರು ಹಾಕಲೇಬೇಕಾದ ಸ್ಟಡಿ ನಿಮ್ಮದೇನು ನೋಡ್ಕೋರಿ

ಮ್ಯಾಲಿನದೆಲ್ಲ ಆರೋಗ್ಯ, ಆದಾಯ, ಕುಟುಂಬದ ವಿಷಯ ಕೇಳಿದ ಸ್ಟಡಿಗೆ. ನೀವು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರು, ಗೀಗೀ ಪದದವರನ್ನ ಇಲ್ಲಾ ಡೊಳ್ಳಿನವರನ್ನ ಭೇಟಿ ಆಗಿ ಹಾಡು ರೆಕಾರ್ಡ್ ಮಾಡ್ಕೊಂಡು ಬಂದೀರಿ ಅಂದ್ರ ಲೆಕ್ಕ ತಿರುಗ್ತೈತಿ. ಅಲ್ಲಿ ಆ ಹಾಡು ಅವರ ವಿದ್ಯೆ, ಹೆಸರು ಬಿಟ್ರ ಕದ್ದಂಗ. ಹೆಸರು, ಊರು, ಮೇಳದ ಹೆಸರು, ಕಲಿಸಿದ ಗುರುವಿನ ಹೆಸರು ಹಾಕ್ರಿ, ಆದ್ರ ಹೆಸರು ಹಾಕಾಕ ಒಪ್ಪಿಗೆ ತಗೊಂಡಿರಬೇಕು, ಹಾಡಿದ್ದಕ್ಕ ಹೆಸರು ಹಾಕ್ರಿ, ಮಾತಿನ ನಡುವ ಹೇಳಿದ ಸಾಲ, ಜಗಳ, ರೋಗದ ಕಥಿಗೆ ಅಲ್ಲ.

ಆರೋಗ್ಯದ ಸ್ಟಡಿಯೊಳಗ ಒಬ್ಬರು "ನನ್ನ ಹೆಸರು ಹಾಕವಾ, ಅಂಜಿಕಿಲ್ಲ" ಅಂದ್ರೂ ತಾವ ನಿರ್ಧಾರ ಮಾಡಬ್ಯಾಡ್ರಿ, ಒಬ್ಬರ ಹೆಸರಿನಿಂದ ಊರು ಗೊತ್ತಾಗಿ ಆ ಊರಿನ ಉಳದ ಮಂದಿನೂ ಬಯಲಾಗ್ತಾರ. ಗೈಡ್ ಮತ್ತ ಎಥಿಕ್ಸ್ ಕಮಿಟಿಯನ್ನ ಕೇಳ್ರಿ.

## ಹಂತ 8: ಬೈಂಡಿಂಗಿಗೆ ಕೊಡೋ ಮೊದಲ ಎರಡು ಪರೀಕ್ಷೆ

ಮೊದಲನೇದು ಕಂಪ್ಯೂಟರ್ ಮುಂದ. ಪೂರಾ ಪುಸ್ತಕ ಒಂದ ಫೈಲ್ ಮಾಡಿ `Ctrl+F` ಒತ್ತಿ ಊರಿನ ಹೆಸರು ಹುಡುಕ್ರಿ, ಕನ್ನಡದಾಗ ಒಮ್ಮೆ, ಇಂಗ್ಲಿಷಿನಾಗ ಒಮ್ಮೆ, ಬ್ಯಾರೆ ಬ್ಯಾರೆ ಸ್ಪೆಲಿಂಗಿನಾಗ. ಆಮ್ಯಾಲೆ ಗೋದಾಮು, ಸಂಘ, ಆಶಾ ಅಕ್ಕಾರ ಹೆಸರು. ಹುಡುಕಿದ್ರೂ ಸಿಗದ ಜಾಗ ಅಂದ್ರ ಚಿತ್ರಗಳು. ಅನೆಕ್ಸರಿನಾಗಿನ ಫೋಟೋದ ಹಿಂದ ಅಂಗಡಿ ಬೋರ್ಡ್ ಇರ್ತೈತಿ, ಸ್ಕ್ಯಾನ್ ಮಾಡಿದ ಪರವಾನಗಿ ಪತ್ರದಾಗ ಪಂಚಾಯ್ತಿ ಸಿಕ್ಕಾ ಇರ್ತೈತಿ, ಇವನ್ನ ಕಣ್ಣಿಲೆ ನೋಡಬೇಕು. ಸಹಿ ಮಾಡಿದ ಒಪ್ಪಿಗೆ ಪತ್ರ ಅನೆಕ್ಸರಿಗೆ ಹಚ್ಚಬ್ಯಾಡ್ರಿ, ಖಾಲಿದು ಹಚ್ಚರಿ.

ಎರಡನೇದು ಮನುಷ್ಯರ ಮುಂದ. ಆ ತಾಲ್ಲೂಕಿನ ಕಡೆಯವರು, ಸ್ಟಡಿ ಗೊತ್ತಿಲ್ಲದ ಒಬ್ಬ ಗೆಳತಿ ಕೈಯಾಗ ಅಕ್ನಾಲೆಜ್‌ಮೆಂಟ್ ಪುಟ ಮತ್ತ ಸ್ಟಡಿ ಪ್ರದೇಶದ ಪುಟ ಎರಡ ಕೊಟ್ಟು, "ಇದು ಯಾವ ಊರು ಹೇಳು" ಅನ್ರಿ. ಕೇಸ್ ವಿವರಣೆ ಪುಟ ಕೊಡಬ್ಯಾಡ್ರಿ, ಪರೀಕ್ಷೆ ಹೆಸರಿಲೆ ನೀವ ಬಯಲು ಮಾಡಿದಂಗ ಆಗ್ತೈತಿ. ಆಕಿ ಊರು ಹೇಳಿದ್ಳು ಅಂದ್ರ ಯಾವ ಶಬ್ದದಿಂದ ತಿಳೀತು ಅಂತ ಕೇಳಿ ಅದನ್ನ ತಗೀರಿ. ಧಾರವಾಡದ ಗೆಳ್ಯಾರಿಗೆ ಕೊಟ್ರ ಉಪಯೋಗ ಇಲ್ಲ, ಅವರಿಗೆ ಎಲ್ಲಾ ಹಳ್ಳಿನೂ ಒಂದ.

ಸಬ್ಮಿಟ್ ಆದಮ್ಯಾಲೆ ತಪ್ಪು ಕಂಡ್ರ? ಟೆಕ್ನಿಷಿಯನ್ ಹೆಸರಿನ ಸ್ಪೆಲಿಂಗ್ ತಪ್ಪಿದ್ರ ವೈವಾ ಆದಮ್ಯಾಲೆ ಕರೆಕ್ಷನ್ ಮಾಡೋವಾಗ ಸೇರಿಸಿ ತಿದ್ದ್ರಿ. ಪಾರ್ಟಿಸಿಪೆಂಟ್ ಗುರುತು ಬಯಲಾಗಿದ್ರ ಅಲ್ಲೀತನಕ ಕಾಯಬ್ಯಾಡ್ರಿ, ಆವತ್ತ ಗೈಡಿಗೆ ಹೇಳಿ, ಲೈಬ್ರರಿಗೆ ಪಿಡಿಎಫ್ ಹೋಗೂ ಮುಂಚೆ ನಿಲ್ಲಿಸಿ, ಡಿಪಾರ್ಟ್‌ಮೆಂಟಿನ ಪ್ರತಿ, ಎಕ್ಸಾಮಿನರ್ ಪ್ರತಿ, ಗೈಡ್ ಪ್ರತಿ ಎಲ್ಲಾದ್ರಾಗಿನ ಆ ಪುಟ ಬದಲ್ ಮಾಡ್ಸರಿ. ಡಿಟಿಪಿ ಅಂಗಡಿಯ ಕಂಪ್ಯೂಟರಿನಾಗ ಉಳದ ಫೈಲೂ ಡಿಲೀಟ್ ಮಾಡ್ಸರಿ, ಇಲ್ಲಂದ್ರ ಮುಂದಿನ ವರ್ಷದವರಿಗೆ ಅದ ಸ್ಯಾಂಪಲ್ ಆಗಿ ಹೋಗ್ತೈತಿ.